ಚುಕ್ಕೆ ಸರಿಸುತ್ತ ಸಾಗುವ ಪಾರ್ಸಿಂಗ್

ಸಂದರ್ಭಮುಕ್ತ ವ್ಯಾಕರಣವೆಂದರೆ ಒಂದು ಸಂಕೇತವನ್ನು ಯಾವ ಯಾವ ಸಂಕೇತಗಳ ಸಾಲಾಗಿ ಬಿಡಿಸಬಹುದು ಎಂದು ಹೇಳುವ ನಿಯಮಗಳ ಗುಂಪು. ಕೊಟ್ಟ ಸಾಲೊಂದು ಆ ನಿಯಮಗಳಿಗೆ ಹೊಂದುತ್ತದೆಯೇ, ಹೇಗೆ ಹೊಂದುತ್ತದೆ ಎಂದು ಕಂಡುಹಿಡಿಯುವ ಕೆಲಸವೇ ಪಾರ್ಸಿಂಗ್. ಪ್ರೋಗ್ರಾಮಿಂಗ್ ಭಾಷೆಗಳಿಗಾಗಿ ಬಳಕೆಯಲ್ಲಿರುವ ಅನೇಕ ವಿಧಾನಗಳು ವ್ಯಾಕರಣದ ಮೇಲೆ ಕಟ್ಟುಪಾಡು ಹೇರುತ್ತವೆ. ಜೇ ಅರ್ಲಿ 1970ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಅಂಥ ಕಟ್ಟುಪಾಡಿಲ್ಲ. ಯಾವ ಸಂದರ್ಭಮುಕ್ತ ವ್ಯಾಕರಣವನ್ನಾದರೂ ಬರೆದಂತೆಯೇ ಅದಕ್ಕೆ ಕೊಡಬಹುದು.

ಇದರ ಮೂಲವಸ್ತು ಚುಕ್ಕೆಯಿಟ್ಟ ನಿಯಮ. `[E → E • + a, 0]` ಎಂದರೆ, 0ನೇ ಸ್ಥಾನದಿಂದ ಆರಂಭವಾದ E ಒಂದರಲ್ಲಿ ಚುಕ್ಕೆಯ ಎಡಗಡೆಯ ಭಾಗ ಈಗಾಗಲೇ ಸಿಕ್ಕಿದೆ, ಬಲಗಡೆಯದು ಇನ್ನೂ ಬರಬೇಕಿದೆ. ಇಂಥ ನಮೂದುಗಳನ್ನು ಸಾಲಿನ ಪ್ರತಿ ಸ್ಥಾನಕ್ಕೂ ಒಂದೊಂದು ಗುಂಪಾಗಿ ಬರೆದಿಡುವ ಜಾಗವೇ ಚಾರ್ಟ್. ನಡೆಯುವ ಕೆಲಸ ಮೂರೇ ಬಗೆಯದು. ಚುಕ್ಕೆಯ ಮುಂದೆ ಬಿಡಿಸಬೇಕಾದ ಸಂಕೇತವಿದ್ದರೆ ಅದರ ನಿಯಮಗಳೆಲ್ಲ ನಿರೀಕ್ಷೆಯಾಗಿ ಅದೇ ಗುಂಪಿಗೆ ಸೇರುತ್ತವೆ. ಸಾಲಿನ ಮುಂದಿನ ಚಿಹ್ನೆಯೇ ಚುಕ್ಕೆಯ ಮುಂದಿದ್ದರೆ ಚುಕ್ಕೆ ಅದನ್ನು ದಾಟಿ ನಮೂದು ಮುಂದಿನ ಗುಂಪಿಗೆ ಹೋಗುತ್ತದೆ. ಚುಕ್ಕೆ ಕೊನೆ ಮುಟ್ಟಿದರೆ, ಆ ನಿಯಮ ಆರಂಭವಾದ ಸ್ಥಾನದ ಗುಂಪಿಗೆ ಹಿಂದಿರುಗಿ, ಅಲ್ಲಿ ಅದಕ್ಕಾಗಿ ಕಾದಿದ್ದ ನಮೂದುಗಳ ಚುಕ್ಕೆಯನ್ನು ಒಂದು ಹೆಜ್ಜೆ ಸರಿಸಲಾಗುತ್ತದೆ.

`S → E`, `E → E + a`, `E → a` ಎಂಬ ವ್ಯಾಕರಣಕ್ಕೆ `a + a` ಕೊಟ್ಟಾಗ ಇಡೀ ಚಾರ್ಟ್ ಇಷ್ಟೇ:

```
0: [S → • E, 0]      [E → • E + a, 0]  [E → • a, 0]
1: [E → a •, 0]      [S → E •, 0]      [E → E • + a, 0]
2: [E → E + • a, 0]
3: [E → E + a •, 0]  [S → E •, 0]      [E → E • + a, 0]
```

ಕೊನೆಯ ಗುಂಪಿನಲ್ಲಿ `[S → E •, 0]` ಇರುವುದರಿಂದ ಸಾಲು ಒಪ್ಪಿತವಾಯಿತು. 0ನೇ ಗುಂಪಿನಲ್ಲಿ E ತನ್ನನ್ನೇ ಮತ್ತೆ ನಿರೀಕ್ಷಿಸುತ್ತದೆ. ಆದರೂ ಕೆಲಸ ನಿಲ್ಲದೆ ಸುತ್ತುವುದಿಲ್ಲ, ಏಕೆಂದರೆ ಗುಂಪಿನಲ್ಲಿ ಆಗಲೇ ಇರುವ ನಮೂದನ್ನು ಎರಡನೇ ಸಲ ಸೇರಿಸುವಂತಿಲ್ಲ. ಎಡವುವ ಜಾಗ ಬೇರೆಯೇ ಇದೆ: ಬಲಗಡೆ ಏನೂ ಇಲ್ಲದ ಖಾಲಿ ನಿಯಮ. ಅದು ಹುಟ್ಟಿದ ಗುಂಪಿನಲ್ಲೇ ಮುಗಿಯುವುದರಿಂದ, ಅದಕ್ಕಾಗಿ ಕಾಯುವ ನಮೂದು ತಡವಾಗಿ ಬಂದರೆ ಅದರ ಚುಕ್ಕೆ ಸರಿಯುವುದೇ ಇಲ್ಲ; ಸರಿಯಾದ ಸಾಲು ತಿರಸ್ಕಾರವಾಗುತ್ತದೆ. ಏಕಾಕ್ ಮತ್ತು ಹೋರ್ಸ್‌ಪೂಲ್ 2002ರಲ್ಲಿ ಕೊಟ್ಟ ಪರಿಹಾರ ಸರಳ ಮತ್ತು ಸುಂದರ: ಖಾಲಿಯಾಗಬಲ್ಲ ಸಂಕೇತವನ್ನು ನಿರೀಕ್ಷಿಸುವಾಗಲೇ ಚುಕ್ಕೆಯನ್ನು ಅದರಾಚೆಗೂ ಸರಿಸಿಟ್ಟುಬಿಡುವುದು.

ಕೋಷ್ಟಕ ತುಂಬುವ ವಿಧಾನಗಳಲ್ಲಿ ಪ್ರಸಿದ್ಧವಾದದ್ದು ಕಾಕ್, ಯಂಗರ್, ಕಸಾಮಿ ಮೂವರ ಹೆಸರಿನ ಸಿವೈಕೆ. ಇದರಲ್ಲಿ ಮೊದಲು ವ್ಯಾಕರಣವನ್ನು ಪ್ರತಿ ನಿಯಮದ ಬಲಗಡೆ ಎರಡು ಸಂಕೇತ ಅಥವಾ ಒಂದು ಚಿಹ್ನೆ ಮಾತ್ರ ಇರುವಂತೆ ತಿದ್ದಿ ಬರೆಯಬೇಕು. ಆಮೇಲೆ ಸಾಲಿನ ಪ್ರತಿ ತುಂಡಿಗೂ ಒಂದು ಮನೆ, ಪ್ರತಿ ಮನೆಗೂ ಆ ತುಂಡನ್ನು ಎರಡಾಗಿ ಒಡೆಯುವ ಎಲ್ಲ ಬಗೆಗಳ ಪರೀಕ್ಷೆ. ಚಿಹ್ನೆಗಳ ಸಂಖ್ಯೆ n ಆದರೆ ಒಡೆಯುವ ಬಗೆಗಳು ಒಟ್ಟು (n³ − n)/6. ಸಾವಿರ a ಗಳನ್ನು ಕೂಡುವ ಸಾಲಿನಲ್ಲಿ 1,999 ಚಿಹ್ನೆಗಳಿರುತ್ತವೆ. ಆಗ ಪರೀಕ್ಷೆಗಳು ಸುಮಾರು 133 ಕೋಟಿ. ಅದೇ ಸಾಲಿಗೆ ಮೇಲಿನ ವ್ಯಾಕರಣದೊಂದಿಗೆ ಅರ್ಲಿ ವಿಧಾನ ಬರೆಯುವ ನಮೂದುಗಳು 4,002. ಒಂದು ನಮೂದಿನ ನಿರ್ವಹಣೆ ಸಿವೈಕೆಯ ಒಂದು ಪರೀಕ್ಷೆಗಿಂತ ದುಬಾರಿ ನಿಜ, ಆದರೆ ಇಷ್ಟು ಅಂತರವನ್ನು ಅದು ತುಂಬಲಾರದು. ಎಡದಿಂದ ಈವರೆಗೆ ಓದಿದ್ದಕ್ಕೆ ಹೊಂದದ ತುಂಡುಗಳ ಗೋಜಿಗೆ ಅರ್ಲಿ ಹೋಗದಿರುವುದೇ ಇದಕ್ಕೆ ಕಾರಣ.

ಈ ಲಾಭ ನಿಂತಿರುವುದು ವ್ಯಾಕರಣದ ಮೇಲೆ. ಅದೇ ಸಾಲುಗಳನ್ನು `E → a + E`, `E → a` ಎಂದು ಬಲಕ್ಕೆ ಬೆಳೆಯುವಂತೆ ಬರೆದರೆ, ಪ್ರತಿ ಹೊಸ a ಬಂದಾಗಲೂ ಅರ್ಧಕ್ಕೆ ನಿಂತ ಹಿಂದಿನ E ಗಳೆಲ್ಲ ಸರಣಿಯಾಗಿ ಮುಗಿಯುತ್ತವೆ. ಸಾವಿರ a ಗಳಿಗೆ ಹೀಗೆ ಮುಗಿಯುವ E ನಮೂದುಗಳೇ 5,00,500. ಸಮಯ n²ಗೆ ಏರಿತು. ಈ ಸರಣಿಯ ತುದಿಯನ್ನು ಮೊದಲೇ ನೆನಪಿಟ್ಟು ನೇರವಾಗಿ ಅಲ್ಲಿಗೇ ಜಿಗಿಯುವ ಉಪಾಯವನ್ನು ಯೋಪ್ ಲೀಯೊ 1991ರಲ್ಲಿ ತೋರಿಸಿದರು. ಅದರೊಂದಿಗೆ ಇಂಥ ವ್ಯಾಕರಣಕ್ಕೂ ಸಮಯ n ಅನುಪಾತಕ್ಕೇ ಇಳಿಯುತ್ತದೆ.

`E → E + E`, `E → a` ಎಂದು ಬರೆದಾಗ ಉಪಾಯವಿಲ್ಲ. ಹತ್ತು a ಗಳ ಸಾಲಿಗೇ 4,862 ಅರ್ಥೈಸುವಿಕೆಗಳಿವೆ. ಒಂದೇ ನಮೂದನ್ನು ಎರಡು ಸಲ ಬರೆಯದ ಕಾರಣ ಸಮಯ ಹಾಗೆ ಸಿಡಿಯುವುದಿಲ್ಲ. ಆದರೆ ಪ್ರತಿ ತುಂಡೂ ಅನೇಕ ಕಡೆ ಒಡೆದು ಬರುವುದರಿಂದ ಅರ್ಲಿಯೂ n³ ಮುಟ್ಟುತ್ತದೆ. ಸಂದಿಗ್ಧತೆಯಿಲ್ಲದ ಯಾವ ವ್ಯಾಕರಣಕ್ಕೂ n² ದಾಟುವುದಿಲ್ಲ ಎಂಬ ಅದರ ಭರವಸೆ ಇಲ್ಲಿ ಅನ್ವಯಿಸದು. ಇಂಥ ವ್ಯಾಕರಣಗಳಲ್ಲಿ ಸಿವೈಕೆಯ ಸರಳ ಕುಣಿಕೆಗಳೇ ಯಂತ್ರದ ಮೇಲೆ ವೇಗವಾಗಿ ಓಡಬಹುದು.