ಲೆಕ್ಕದ ಮೇಜಿಗೆ ಬರೆದ ಪತ್ರ

ಶೇಂಗಾ, ಗುರೆಳ್ಳು, ಅಗಸಿ. ಮೂರು ಬಗೆಯ ಚಟ್ನಿಪುಡಿಗೆ ಮೂರು ಪೌಚು. ಉತ್ತರ ಕರ್ನಾಟಕದ ಒಂದು ಕಂಪನಿಗಾಗಿ ಎರಡು ತಿಂಗಳು ಕೂತು ನಾನು ಮಾಡಿದ ವಿನ್ಯಾಸ ಜನವರಿಯಲ್ಲಿ ಪ್ರೆಸ್ಸಿಗೆ ಹೋಯಿತು. ಫೆಬ್ರವರಿ ಕೊನೆಯ ಹೊತ್ತಿಗೆ ನಮ್ಮ ಬೀದಿಯ ಅಂಗಡಿಯಲ್ಲೇ ಆ ಪೌಚುಗಳು ಸಾಲಾಗಿ ನೇತಾಡುತ್ತಿದ್ದವು. ಒಪ್ಪಿದ್ದು 90,000 ರೂಪಾಯಿ. ಮುಂಗಡದ 27,000ಕ್ಕೆ ಟಿಡಿಎಸ್ ಕಳೆದು ಹಣ ಬಂದಿತ್ತು. ಉಳಿದ 63,000 ಬಂದಿರಲಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಲ ಕೇಳಿದ್ದೆ. "ಈ ವಾರ ಹಾಕಸ್ತೀನ್ರಿ ಮೇಡಂ" ಎಂಬ ಉತ್ತರ ಎರಡು ಸಲ ಬಂತು. ಆಮೇಲೆ ಬರೀ ನೀಲಿ ಗೀಟು. ಆ ಮಾಲೀಕರು ಮೋಸ ಮಾಡುವವರಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಒರಟಾಗಿ ಬರೆಯಲು ಕೈ ಬರುತ್ತಿರಲಿಲ್ಲ. ನನ್ನಂತೆ ಸ್ವತಂತ್ರವಾಗಿ ಕೆಲಸ ಮಾಡುವ ವಿನ್ಯಾಸಕರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕೆಲಸ ಒಪ್ಪಿಸಿದವರ ಜೊತೆ ಸ್ನೇಹ ಬೆಳೆದಿರುತ್ತದೆ, ಹಣವನ್ನೂ ಅವರನ್ನೇ ಕೇಳುತ್ತೇವೆ. ಆದರೆ ಹಣ ಹಾಕುವವರು ಅವರಲ್ಲ. ಪಕ್ಕದ ಕೋಣೆಯಲ್ಲಿ ಲೆಕ್ಕ ನೋಡುವ ಒಬ್ಬರಿರುತ್ತಾರೆ. ಅವರಿಗೆ ನಮ್ಮ ಹೆಸರೂ ಗೊತ್ತಿರುವುದಿಲ್ಲ, ಪೌಚಿನ ಬಣ್ಣಕ್ಕೆ ನಾವು ಪಟ್ಟ ಪಾಡೂ ಗೊತ್ತಿರುವುದಿಲ್ಲ. ಬಾಕಿ ಕೇಳುವ ಪತ್ರವನ್ನು ಅವರಿಗಾಗಿ ಬರೆಯಬೇಕು. ಈ ಕೆಲಸದ ಬಗ್ಗೆ ಏನೇನೂ ತಿಳಿಯದವರು ಆ ಒಂದು ಪುಟ ಓದಿ, ಬೇರೆ ಯಾರನ್ನೂ ಕೇಳದೆ ಹಣ ಹಾಕುವಂತಿರಬೇಕು.

ಮಾರ್ಚ್ 20ರಂದು ಕೂತು ಬರೆದೆ. ಮಾಲೀಕರಿಗೆ ಮೇಲ್, ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಅದರ ಪ್ರತಿ.

"ವಿಷಯ: ಬಿಲ್ ಸಂಖ್ಯೆ 41, ರೂ. 63,000, ಫೆಬ್ರವರಿ 11ಕ್ಕೆ ಪಾವತಿಯಾಗಬೇಕಿತ್ತು, 37 ದಿನ ಮೀರಿದೆ.

ಮಾನ್ಯರೇ, ನಮಸ್ಕಾರ. ಮೂರು ಚಟ್ನಿಪುಡಿ ಪೌಚುಗಳ ಅಂತಿಮ ಫೈಲುಗಳನ್ನು ಜನವರಿ 10ರಂದು ಮೇಲ್ ಮಾಡಿದ್ದೆ. ಬಿಲ್ಲನ್ನು ಜನವರಿ 12ರಂದು ಕಳುಹಿಸಿದೆ. ಫೈಲು ಸರಿ ಇವೆ, ಪ್ರೆಸ್ಸಿಗೆ ಕೊಟ್ಟಿದ್ದೇವೆ ಎಂದು ಜನವರಿ 14ರಂದು ತಾವು ಉತ್ತರ ಬರೆದಿದ್ದೀರಿ. ಬಿಲ್ ಕೊಟ್ಟ 30 ದಿನಕ್ಕೆ ಹಣ ಎಂದು ನಮ್ಮ ಒಪ್ಪಂದ. ಮುಂಗಡದಲ್ಲಿ ಕಳೆದಂತೆ ಶೇ. 10 ಟಿಡಿಎಸ್ ಕಳೆದರೆ ನನ್ನ ಖಾತೆಗೆ ಬರಬೇಕಾದದ್ದು ರೂ. 56,700. ದಯವಿಟ್ಟು ಮಾರ್ಚ್ 27ರೊಳಗೆ ಜಮೆ ಮಾಡಿಸಿ. ಕೆಲಸದಲ್ಲಾಗಲಿ ಬಿಲ್ಲಿನಲ್ಲಾಗಲಿ ತಕರಾರು ಇದ್ದರೆ ಮಾರ್ಚ್ 23ರೊಳಗೆ ಬರೆದು ತಿಳಿಸಿ. ಬಿಲ್, ಒಪ್ಪಂದದ ಪುಟ, ಜನವರಿ 14ರ ತಮ್ಮ ಮೇಲ್, ಬ್ಯಾಂಕ್ ವಿವರ ಎಲ್ಲವನ್ನೂ ಇದರ ಜೊತೆ ಲಗತ್ತಿಸಿದ್ದೇನೆ."

ಕೆಳಗೆ ಸಹಿ, ಪ್ಯಾನ್, ಉದ್ಯಮ್ ನೋಂದಣಿ ಸಂಖ್ಯೆ.

ಮನೆ ಬಾಡಿಗೆ ಕಟ್ಟಬೇಕು, ಮಗಳ ಶಾಲೆಯ ಫೀಸಿದೆ ಎಂದು ಇದರಲ್ಲಿ ಬರೆಯಲಿಲ್ಲ. ಎರಡೂ ನಿಜವಾಗಿದ್ದವು. ಆದರೆ ಕಷ್ಟ ಹೇಳಿಕೊಂಡರೆ ಬಾಕಿ ಹಣ ಸಹಾಯದ ಹಣದಂತೆ ಕಾಣತೊಡಗುತ್ತದೆ. "ಸಾಧ್ಯವಾದಷ್ಟು ಬೇಗ" ಎಂದೂ ಬರೆಯಲಿಲ್ಲ, ಅದು ಯಾವ ದಿನವೂ ಅಲ್ಲ. ಟಿಡಿಎಸ್ ಕಳೆದ ಮೊತ್ತವನ್ನು ನಾನೇ ಬರೆದದ್ದಕ್ಕೂ ಕಾರಣವಿದೆ. ಎಷ್ಟು ಹಾಕಬೇಕು ಎಂಬ ಅನುಮಾನ ಬಂದ ಬಿಲ್ ಮತ್ತೊಂದು ವಾರ ಫೈಲಿನಲ್ಲೇ ಉಳಿಯುತ್ತದೆ.

ತಕರಾರಿದ್ದರೆ ತಿಳಿಸಿ ಎಂಬ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಣ ಕೇಳಿದ ಮೇಲೆ ಕೆಲವರಿಗೆ ಬಣ್ಣ ಮಂಕಾಗಿ ಕಾಣುತ್ತದೆ, ಅಕ್ಷರ ಚಿಕ್ಕದಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಕೆಲಸ ಕೈಸೇರಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಬರದಿದ್ದರೆ, ಕೆಲಸವನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಆದ್ದರಿಂದ ಅಂತಿಮ ಫೈಲುಗಳನ್ನು ಕಳುಹಿಸುವ ಮೇಲ್ ಮುಖ್ಯವಾಗುತ್ತದೆ. ಬರೀ ಲಿಂಕ್ ಅಂಟಿಸಿ ಕಳುಹಿಸಿದರೆ ಸಾಲದು. ಎಷ್ಟು ಫೈಲು, ಯಾವ ಯಾವ ಬಗೆಯವು, ಇವು ಅಂತಿಮ ಎಂದು ದಿನಾಂಕದ ಸಮೇತ ಬರೆಯಬೇಕು. ಆ ಮೇಲ್ ಇಲ್ಲದವರಿಗೆ ಆಮೇಲೆ ಎಣಿಸಲು ದಿನವೇ ಸಿಗುವುದಿಲ್ಲ.

ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕೆಲಸ ಒಪ್ಪಿಕೊಂಡ ದಿನದಿಂದ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಗಡುವು ಬರೆಯದೇ ಇದ್ದರೆ 15 ದಿನ ಮಾತ್ರ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ಬಡ್ಡಿ ವರ್ಷಕ್ಕೆ ಶೇ. 18. ನನ್ನ 63,000ಕ್ಕೆ ಮೊದಲ ತಿಂಗಳು 945 ರೂಪಾಯಿ, ಎರಡನೆಯ ತಿಂಗಳು 63,945ರ ಮೇಲೆ ಸುಮಾರು 959. ದೊಡ್ಡ ಮೊತ್ತವಲ್ಲ. ಮೊದಲ ಪತ್ರದಲ್ಲಿ ನಾನು ಅದನ್ನು ಕೇಳಲೂ ಇಲ್ಲ, ಎರಡನೆಯದಕ್ಕೆ ಉಳಿಸಿಕೊಂಡೆ.

ಬಡ್ಡಿಗಿಂತ ಲೆಕ್ಕಿಗರನ್ನು ಎಬ್ಬಿಸುವುದು ಆ ಉದ್ಯಮ್ ಸಂಖ್ಯೆ. ಆದಾಯ ತೆರಿಗೆ ಕಾನೂನಿಗೆ 2023ರಲ್ಲಿ ಒಂದು ನಿಯಮ ಸೇರಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಆ 15 ಅಥವಾ 45 ದಿನದ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಅದನ್ನು ಖರ್ಚೆಂದು ತೋರಿಸಲು ಬರುತ್ತದೆ. ಅಂದರೆ ಮಾರ್ಚ್ 31 ದಾಟಿದರೆ ನನ್ನ 63,000 ಆ ವರ್ಷದ ಅವರ ಲಾಭಕ್ಕೆ ಸೇರಿ ಅದಕ್ಕೂ ತೆರಿಗೆ ಬೀಳುತ್ತದೆ. ಉದ್ಯಮ್ ನೋಂದಣಿ udyamregistration.gov.in ತಾಣದಲ್ಲಿ ಆಗುತ್ತದೆ, ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಬೇಕು. ಒಬ್ಬರೇ ಮನೆಯಲ್ಲಿ ಕೂತು ಕೆಲಸ ಮಾಡುವ ವಿನ್ಯಾಸಕರೂ ಇದನ್ನು ಮಾಡಿಸಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಟ್ಟುಕೊಂಡಿರಬೇಕು. ಜಗಳ ಹುಟ್ಟಿದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಅದು ಅನ್ವಯಿಸುತ್ತದೆಯೇ ಎಂಬುದೇ ಹೊಸ ಜಗಳವಾಗುತ್ತದೆ.

ಪತ್ರಕ್ಕೂ ಜಗ್ಗದವರ ಮೇಲೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ದೂರನ್ನು 90 ದಿನದಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ, ಆದರೆ ಅಷ್ಟರಲ್ಲೇ ಮುಗಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ತೀರ್ಪು ನಮ್ಮ ಕಡೆಗಾದರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವವರು ಮೊದಲು ತೀರ್ಪಿನ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕು. ಸಿವಿಲ್ ದಾವೆ ಹೂಡುವುದಾದರೆ ಮೂರು ವರ್ಷದ ಮಿತಿ ಇದೆ. ಆ ಅವಧಿಯೊಳಗೆ ಎದುರಿನವರು ಬಾಕಿ ಇರುವುದು ಹೌದೆಂದು ಬರೆದು ಸಹಿ ಮಾಡಿ ಕೊಟ್ಟರೆ ಎಣಿಕೆ ಅಂದಿನಿಂದ ಹೊಸದಾಗಿ ಶುರುವಾಗುತ್ತದೆ. ಫೋನಿನಲ್ಲಿ ಎಷ್ಟು ಸಲ ಹೌದೆಂದರೂ ಹಾಗಾಗುವುದಿಲ್ಲ. ಫೋನಿನಲ್ಲಿ ಮಾತಾಡಿದ ಮೇಲೆ "ಈಗ ತಾನೇ ಮಾತಾಡಿದಂತೆ" ಎಂದು ಎರಡು ಸಾಲಿನ ಮೇಲ್ ಹಾಕಿ, ಅವರಿಂದ ಉತ್ತರ ತರಿಸಿಕೊಳ್ಳುವ ರೂಢಿಯನ್ನು ನಾನು ಇದಕ್ಕಾಗಿಯೇ ಮಾಡಿಕೊಂಡಿದ್ದೇನೆ.

ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಪತ್ರ ಕಳುಹಿಸಿದ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರ ಲೆಕ್ಕಪತ್ರದವರು ಫೋನ್ ಮಾಡಿದರು. "ಮೇಡಂ, ಮುಂಗಡದ್ದು ಬಿಟ್ರ ನಿಮ್ಮ ಇನ್ನೊಂದು ಬಿಲ್ ನಮ್ಮ ಕಡೆ ಬಂದೇ ಇಲ್ಲರಿ" ಎಂದರು. ಜನವರಿ 12ರ ಬಿಲ್ ಮಾಲೀಕರ ಮೇಲ್‌ಗೆ ಹೋಗಿತ್ತು, ಅಲ್ಲೇ ಉಳಿದಿತ್ತು. 26ರಂದು ಸಂಜೆ 56,700 ಜಮೆಯಾದ ಸಂದೇಶ ಬಂತು.