ರಿಟರ್ನ್ ಸಲ್ಲಿಸಿದ್ದಾಯಿತು, ವೆರಿಫೈ ಆಗಿದೆಯೇ?

ಹಾಸನದ ಒಬ್ಬ ನಿವೃತ್ತ ಶಿಕ್ಷಕರು ಎಂದಿಟ್ಟುಕೊಳ್ಳಿ. 2024ರ ಜುಲೈ 25ರಂದು, ಗಡುವಿಗೆ ಆರು ದಿನ ಮೊದಲೇ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರು. ಆದಾಯ 6.8 ಲಕ್ಷ, ಹೊಸ ಪದ್ಧತಿಯ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಮುರಿದುಕೊಂಡಿದ್ದ 12,400 ರೂಪಾಯಿ ಟಿಡಿಎಸ್ ವಾಪಸು ಬರಬೇಕಿತ್ತು. ಅಕ್ಟೋಬರ್ ಬಂದರೂ ಹಣದ ಸುಳಿವಿಲ್ಲ.

ಪೋರ್ಟಲ್‌ನ View Filed Returns ತೆರೆದಾಗ ಕಾರಣ ತಿಳಿಯಿತು. ರಿಟರ್ನ್ ಇನ್ನೂ ವೆರಿಫೈ ಆಗಿರಲಿಲ್ಲ. ಆಧಾರ್‌ಗೆ ಜೋಡಿಸಿದ್ದು ಹಳೆಯ ಮೊಬೈಲ್ ನಂಬರ್, ಓಟಿಪಿ ಬರಲಿಲ್ಲ. ಆಮೇಲೆ ನೋಡೋಣವೆಂದು ಬಿಟ್ಟದ್ದು ಹಾಗೇ ಮರೆತುಹೋಗಿತ್ತು. ಅವರು ‘ರಸೀದಿ’ ಎಂದು ಫೈಲಿನಲ್ಲಿಟ್ಟಿದ್ದ ಹಾಳೆಯ ತಲೆಬರಹ ನೋಡಿದ್ದರೂ ಗೊತ್ತಾಗುತ್ತಿತ್ತು: ಅದರಲ್ಲಿದ್ದದ್ದು Verification Form, ಅಂದರೆ ಐಟಿಆರ್-ವಿ. ವೆರಿಫೈ ಆದ ರಿಟರ್ನ್‌ಗೆ ಸಿಗುವ ಹಾಳೆಯಲ್ಲಿ Acknowledgement ಎಂದಿರುತ್ತದೆ.

ವೆರಿಫೈ ಮಾಡಲು ಮೊದಲು 120 ದಿನಗಳ ಕಾಲಾವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದು 30 ದಿನಕ್ಕಿಳಿದಿದೆ. ಶಿಕ್ಷಕರ ಪಾಲಿಗೆ ಆಗಸ್ಟ್ 24ಕ್ಕೇ ಅವಧಿ ಮುಗಿದಿತ್ತು. ವೆರಿಫೈ ಆಗದ ರಿಟರ್ನ್ ಅಸಿಂಧು. ಕಾನೂನಿನ ಕಣ್ಣಿಗೆ ಅವರು ರಿಟರ್ನನ್ನೇ ಸಲ್ಲಿಸಿಲ್ಲ.

ಇಂಥವರಿಗೆಂದೇ ವಿಳಂಬ ಮನ್ನಾ ಕೋರುವ ದಾರಿ ಇದೆ. ಪೋರ್ಟಲ್‌ಗೆ ಲಾಗಿನ್ ಆಗಿ Services ಅಡಿಯಲ್ಲಿ Condonation Request ತೆರೆಯಬೇಕು. ಅಲ್ಲಿ ಐಟಿಆರ್-ವಿ ಸಲ್ಲಿಕೆಯಲ್ಲಿ ತಡವಾದುದಕ್ಕೆ ಸಂಬಂಧಿಸಿದ ಆಯ್ಕೆಯನ್ನು ಒತ್ತಿ, ಯಾವ ರಿಟರ್ನ್ ಎಂದು ತೋರಿಸಿ, ತಡವಾದ ಕಾರಣ ನಮೂದಿಸಬೇಕು. ಕೋರಿಕೆ ಸಲ್ಲಿಸಿದ ಮೇಲೆ ವೆರಿಫೈ ಮಾಡಲು ದಾರಿ ತೆರೆದುಕೊಳ್ಳುತ್ತದೆ. ಓಟಿಪಿ ಬಾರದವರು ನೆಟ್ ಬ್ಯಾಂಕಿಂಗ್ ಅಥವಾ ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿದ ಬ್ಯಾಂಕ್ ಖಾತೆಯ ಮೂಲಕ ವೆರಿಫೈ ಮಾಡಬಹುದು. ಇವು ಯಾವುವೂ ಇಲ್ಲದವರು ಐಟಿಆರ್-ವಿಗೆ ಸಹಿ ಹಾಕಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಪಿನ್ 560500, ಅಂಚೆಯಲ್ಲಿ ಕಳಿಸಬಹುದು. ಅಂಚೆಯಲ್ಲಿ ಹೋದರೆ ಲೆಕ್ಕಕ್ಕೆ ಬರುವುದು ಅದು ಅಲ್ಲಿಗೆ ತಲುಪಿದ ದಿನ.

ಹಲವರು ಎಡವುವುದು ಇಲ್ಲೇ. ವೆರಿಫೈ ಆಯಿತೆಂದರೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ಇಲಾಖೆ ಕೋರಿಕೆಯನ್ನು ಒಪ್ಪಿದ ಮೇಲೆಯೇ ರಿಟರ್ನ್ ಸಿಂಧುವಾಗುವುದು. ಹಾಗಾಗಿ ಕೋರಿಕೆ ಯಾವ ಹಂತದಲ್ಲಿದೆ ಎಂದು ಅದೇ ಪುಟದಲ್ಲಿ ಆಗಾಗ ನೋಡುತ್ತಿರಬೇಕು.

ಒಪ್ಪಿಗೆ ಸಿಕ್ಕರೂ ಜೇಬಿಗೆ ಹೊಡೆತ ಬೀಳಬಹುದು. 2024ರ ಮಾರ್ಚ್ 31ರ ಅಧಿಸೂಚನೆಯಂತೆ, 30 ದಿನ ಮೀರಿ ವೆರಿಫೈ ಮಾಡಿದರೆ ಆ ದಿನವೇ ರಿಟರ್ನ್ ಸಲ್ಲಿಸಿದ ದಿನವೆನಿಸುತ್ತದೆ. ಶಿಕ್ಷಕರ ರಿಟರ್ನ್ ಜುಲೈನಿಂದ ಅಕ್ಟೋಬರ್‌ಗೆ ಜಾರಿತು. ಆದಾಯ 5 ಲಕ್ಷ ದಾಟಿರುವುದರಿಂದ ತಡ ಶುಲ್ಕ 5,000 ರೂಪಾಯಿ. 5 ಲಕ್ಷದೊಳಗಿದ್ದರೆ 1,000 ಆಗುತ್ತಿತ್ತು. 12,400ರಲ್ಲಿ ಅವರ ಕೈಗೆ ಉಳಿಯುವುದು ಸುಮಾರು 7,400. ಷೇರು ಅಥವಾ ವ್ಯಾಪಾರದಲ್ಲಿ ನಷ್ಟವಾದವರಿಗೆ ಪೆಟ್ಟು ಇನ್ನೂ ದೊಡ್ಡದು, ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯುವ ಅವಕಾಶವೇ ತಪ್ಪಬಹುದು.

ಕೋರಿಕೆ ತಿರಸ್ಕೃತವಾದರೆ ಆ ವರ್ಷದ ತಡ ರಿಟರ್ನ್‌ಗೆ ಗಡುವು ಉಳಿದಿದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಅದು ಡಿಸೆಂಬರ್ 31. ಉಳಿದಿದ್ದರೆ ಶುಲ್ಕ ಕಟ್ಟಿ ಹೊಸದಾಗಿ ರಿಟರ್ನ್ ಸಲ್ಲಿಸಬಹುದು, ಅದನ್ನೂ 30 ದಿನದೊಳಗೆ ವೆರಿಫೈ ಮಾಡಬೇಕು.