ನಿಮಗಿದು ಗೊತ್ತೆ? ಹಡಗು ಹೋದರೂ ಹೆಸರು ಉಳಿಯುತ್ತದೆ

ಹೊಸ ಯುದ್ಧನೌಕೆಯನ್ನು ನೀರಿಗಿಳಿಸುವ ಗೌರವ ನಮ್ಮ ನೌಕಾಪಡೆಯಲ್ಲಿ ಸಾಮಾನ್ಯವಾಗಿ ಮಹಿಳೆಗೆ ಸಲ್ಲುತ್ತದೆ. ಪಾಶ್ಚಾತ್ಯರು ಹಡಗಿನ ಮೂತಿಗೆ ಷಾಂಪೇನ್ ಬಾಟಲಿ ಒಡೆದರೆ, ನಮ್ಮಲ್ಲಿ ತೆಂಗಿನಕಾಯಿ ಒಡೆದು, ಅಥರ್ವವೇದದ ಮಂತ್ರ ಹೇಳುವ ರೂಢಿಯಿದೆ.

ವಿಮಾನವಾಹಕ ನೌಕೆ ವಿಕ್ರಾಂತ್ 2013ರ ಆಗಸ್ಟ್ 12ರಂದು ಕೊಚ್ಚಿಯಲ್ಲಿ ನೀರಿಗಿಳಿಯಿತು. ಆ ಗೌರವ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರ ಪತ್ನಿ ಎಲಿಜಬೆತ್ ಅವರದಾಗಿತ್ತು. ಆಗಿನ್ನೂ ನೌಕೆಯ ಕೆಲಸ ಮುಗಿದಿರಲಿಲ್ಲ. ಹೆಸರಿನ ಮುಂದೆ ‘ಐಎನ್ಎಸ್’ ಸೇರಿದ್ದು ಅದು ಸೇವೆಗೆ ಸೇರಿದ ದಿನ, 2022ರ ಸೆಪ್ಟೆಂಬರ್ 2ರಂದು.

ಈ ಹೆಸರು 1961ರಿಂದ 1997ರವರೆಗೆ ಸೇವೆಯಲ್ಲಿದ್ದ ನಮ್ಮ ಮೊದಲ ವಿಮಾನವಾಹಕದ್ದು. 1971ರ ಯುದ್ಧದಲ್ಲಿ ಹೋರಾಡಿದ ಆ ನೌಕೆಯ ‘ಆರ್11’ ಎಂಬ ಗುರುತೂ ಹೊಸದಕ್ಕೆ ಬಂದಿದೆ. ಹಳೆಯ ಹಡಗು ಗುಜರಿ ಸೇರಿತು. ಹೆಸರು ಇಂದಿಗೂ ಕಡಲಿನಲ್ಲಿದೆ.